ಮುತ್ಯಾನ ಫೋಟೊ ಯಾವ ವರ್ಷದ್ದು?

ಹಳೇ ಫೋಟೊ ಯಾವಾಗಿನದು ಅಂತ ಕೇಳಿದ್ರ ನಮ್ಮ ಕಡೆ ಮನ್ಯಾಗ ಎಲ್ಲಾರೂ ಒಂದ ಉತ್ತರ ಕೊಡ್ತಾರ, "ಬಾಳ ಹಳೇದು ಬಿಡ್ರಿ" ಅಂತ. ಬಾಳ ಹಳೇದು ಅಂದ್ರ ಸ್ವಾತಂತ್ರ್ಯಾ ಬರೂಕಿಂತ ಮೊದಲಿನದೋ, ಇಂದಿರಾ ಗಾಂಧಿ ಕಾಲದ್ದೋ, ಯಾರಿಗೂ ಗೊತ್ತಿರಂಗಿಲ್ಲ. ಬಾಳ ಮಂದಿಗೆ ಅದರ ಗರಜೂ ಇರಂಗಿಲ್ಲ. ಆದ್ರ ಕೆಲವು ಫೋಟೊದಾಗ ವರ್ಷ ಗೊತ್ತಾದ್ರ ಮಾತ್ರ ಅದರಾಗ ಇರೋರು ಯಾರು ಅಂತ ಗೊತ್ತಾಗತೈತಿ. ನಮ್ಮ ಮನಿ ಫೋಟೊ ಅಂಥಾದ್ದು.

ಫೋಟೊದಾಗ ನಾಕು ಮಂದಿ ಅದಾರ. ನಮ್ಮ ಮನೆಯವರ ಅಜ್ಜ, ಅಂದ್ರ ನಾವು ಮುತ್ಯಾ ಅನ್ನೋರು, ಕುರ್ಚಿ ಮ್ಯಾಲೆ ಕುಂತಾರ. ಅವರ ಬಾಜೂಕ ಒಬ್ಬಾಕಿ ಹೆಣಮಗಳು ನಿಂತಾಳ. ಕುರ್ಚಿಗೆ ಹತ್ತಿ ಒಂದು ಸಣ್ಣ ಹುಡುಗ ನಿಂತಾನ. ಹಿಂದ ಗಾಂಧಿ ಟೊಪ್ಪಿಗಿ ಹಾಕಿದ ಒಬ್ಬ ಹರೇದವ ಅದಾನ. ಇಷ್ಟ.

ಮುತ್ಯಾಗ ಎರಡು ಮದಿವಿ. ಮೊದಲನೇ ಹೆಂಡ್ತಿ, ನಮ್ಮ ಮಾವನವರ ಅಕ್ಕನ್ನ ಹಡೆದು ಕೆಲವೇ ತಿಂಗಳದಾಗ ತೀರಿಕೊಂಡ್ರು. ಆ ಅಕ್ಕನ್ನ ನಾವೆಲ್ಲ ದೊಡ್ಡತ್ತಿ ಅಂತೀವಿ. ಅವರು ಹುಟ್ಟಿದ್ದು ಬಹುಧಾನ್ಯ ಸಂವತ್ಸರದಾಗ, ಅಂದ್ರ 1938ರಾಗ. ಮುಂದ ಎರಡು ವರ್ಷಕ್ಕ, ತೀರಿಕೊಂಡಾಕಿಯ ಸ್ವಂತ ತಂಗೀನ ಮುತ್ಯಾಗ ಕೊಟ್ಟು ಮಾಡಿದ್ರು. ಆಕಿನ ನಮ್ಮ ಆಯಿ, ನಮ್ಮ ಮಾವನವರ ತಾಯಿ. ಫೋಟೊದಾಗ ನಿಂತಾಕಿ ಅಕ್ಕನೋ ತಂಗಿಯೋ ಅನ್ನೋದು ನಮ್ಮ ಮನ್ಯಾಗ ಬಗೆಹರೀಲಾರದ ಮಾತು. ಮೊದಲನೇ ಆಕಿದು ಬ್ಯಾರೆ ಫೋಟೊನ ಇಲ್ಲ. ದೊಡ್ಡತ್ತಿಗೆ ಈಗ 87. "ನಮ್ಮವ್ವನ ಮಾರಿ ನಾ ನೋಡೇ ಇಲ್ಲ. ಇದರಾಗ ಇರಾಕಿ ಆಕಿ ಹೌದೋ ಅಲ್ಲೋ ಅಷ್ಟು ಹೇಳ್ರಿ" ಅನ್ನೋದು ಅವರ ಒಂದ ಮಾತು.

ಮಾರಿ ನೋಡಿ ಹೇಳಬೇಕಂದ್ರ ಒಡಹುಟ್ಟಿದ ಅಕ್ಕ-ತಂಗಿ, ಒಂದ ಅಚ್ಚು. ನಮ್ಮ ಹತ್ರ ಇರೋ ಆಯಿ ಫೋಟೊ ಅವರು ಮುದುಕಿ ಆಗಿ ಹಲ್ಲು ಬಿದ್ದ ಮ್ಯಾಲಿಂದು. ಮೈಮ್ಯಾಲಿನ ಬಂಗಾರ ನೋಡಿ ಹೇಳಬೇಕಂದ್ರ ಅಕ್ಕನ ಬುಗುಡಿ, ಗುಂಡಿನ ಸರ, ಎಲ್ಲಾ ತಂಗಿಗೇ ಬಂದಾವು. ಇನ್ನ ಆ ಹುಡುಗ ಯಾರು ಅಂದ್ರ ಅದು ಮತ್ತೊಂದು ತಮಾಷಿ. ನಮ್ಮ ಹಿರೇ ಮಾವನವರು, ಮೊದಲನೇ ಆಕಿ ಮಗ, "ಆ ಹುಡುಗ ನಾನ" ಅಂತಿದ್ರು. ನಮ್ಮ ಮಾವನವರು "ಅಲ್ಲ, ನಾನು; ಹಿಂದ ನಿಂತಾವ ನಮ್ಮಣ್ಣ" ಅಂತಿದ್ರು. ಹಿರೇ ಮಾವನವರ ಲೆಕ್ಕದಾಗ ಹಿಂದ ನಿಂತಾವ ಮುತ್ಯಾನ ತಮ್ಮ. ಇಬ್ಬರೂ ಈಗ ಇಲ್ಲ. ಇಬ್ಬರೂ ಸುಳ್ಳು ಹೇಳೋ ಮಂದಿ ಅಲ್ಲ. ಸಣ್ಣಂದಿರಿಂದ ಆ ಫೋಟೊ ನೋಡಿ ನೋಡಿ ಅದರಾಗ ತಾವ ಇದ್ದಂಗ ಆಗಿತ್ತು ಯಾರಿಗೋ ಒಬ್ಬರಿಗೆ.

ಲೆಕ್ಕ ಹಾಕಿದ್ರ ಎರಡ ದಾರಿ. ಹಿರೇ ಮಾವನವರ ಸಾಲಿ ದಾಖಲಾದಾಗ ಹುಟ್ಟಿದ ವರ್ಷ 1931 ಐತಿ. ಹುಡುಗ ಅವರಾದ್ರ ಫೋಟೊ 1936-38ರ ಹೊತ್ತಿಂದು, ನಿಂತಾಕಿ ದೊಡ್ಡತ್ತಿಯ ತಾಯಿ. ನಮ್ಮ ಮಾವನವರು ಹುಟ್ಟಿದ್ದು 1948. ಹುಡುಗ ಅವರಾದ್ರ ಫೋಟೊ 1953-55ರದ್ದು, ನಿಂತಾಕಿ ಆಯಿ. ಆಗ ದೊಡ್ಡತ್ತಿ ಮದಿವ್ಯಾಗಿ ತೇರದಾಳಕ್ಕ ಹೋಗಿದ್ರು, ಹಂಗಾಗಿ ಅವರು ಫೋಟೊದಾಗ ಇಲ್ಲದ್ದಕ್ಕೂ ಕಾರಣ ಸಿಗತೈತಿ. ನಡುವ ಇರೋದು ಹದಿನೇಳು ವರ್ಷದ ಅಂತರ. ಅದನ್ನ ಫೋಟೊದ ಕಾಗದ, ಅಳತಿ, ಅರಿವಿ ಇವುಗಳಿಂದ ಹೇಳಾಕ ಬರತೈತೇನು ಅಂತ ನೋಡಬೇಕಾಗಿತ್ತು.

ಇದರಾಗ ಒಂದು ರೀತಿ ಇಟಗೋಬೇಕು. ಮಾರಿ ಗುರತು ಹಿಡದು ವರ್ಷ ಹೇಳೋದು, ಆಮ್ಯಾಲೆ ಆ ವರ್ಷದಿಂದ ಮಾರಿ ಗುರತು ಹೇಳೋದು, ಹಂಗ ಮಾಡಿದ್ರ ಗಾಣದ ಎತ್ತಿನಂಗ ಸುತ್ತಿದಲ್ಲೇ ಸುತ್ತತೀವಿ. ಮಂದೀನ ಮರತು, ಮೊದಲ ವಸ್ತು ನೋಡಬೇಕು. ಒಂದೊಂದು ವಸ್ತೂನೂ "ಇದಕ್ಕಿಂತ ಮೊದಲಿನದಲ್ಲ" ಅಂತಾದ್ರೂ ಹೇಳತೈತಿ, ಇಲ್ಲಾ "ಇದಕ್ಕಿಂತ ಆಮ್ಯಾಲಿನದಲ್ಲ" ಅಂತಾದ್ರೂ ಹೇಳತೈತಿ. ಎರಡೂ ಕಡೆಯಿಂದ ಬೇಲಿ ಹಾಕ್ಕೋತ ಬಂದ್ರ ನಡುವ ಉಳಿಯೋದು ಫೋಟೊದ ಕಾಲ.

ಮೊದಲ ಕೆಲಸ ಚೌಕಟ್ಟಿನಿಂದ ಹೊರಗ ತಗಿಯೋದು. ಯಾಕಂದ್ರ ಅರ್ಧ ಸಾಕ್ಷಿ ಹಿಂಬದಿಗೆ ಇರತೈತಿ. ಫೋಟೊನ ಗಾಜು ಕೆಳಗ ಮಾಡಿ ಮೆತ್ತನ್ನ ಅರಿವಿ ಮ್ಯಾಲೆ ಇಟ್ಟು, ಹಿಂದಿನ ತುಕ್ಕು ಹಿಡದ ಮಳಿ ಒಂದೊಂದ ಕಿತ್ತು, ಹಲಗಿ ತಗದೆ. ಗೋಡಿ ತಂಪಿಗೆ ಫೋಟೊದ ಮ್ಯಾಲಿನ ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳೋದು ಬಾಳ ಕಡೆ ಆಗತೈತಿ. ನಮ್ಮದೂ ಒಂದು ಮೂಲಿ ಅಂಟಿತ್ತು. ಅಂಥಲ್ಲಿ ಜಗ್ಗಬಾರದು. ನೀರು ಹಚ್ಚೋದು, ಬ್ಲೇಡ್ ಹಾಕೋದು, ಬಿಸಿ ಮಾಡೋದು ಯಾವುದೂ ಬ್ಯಾಡ; ಮಾರಿ ಗಾಜಿನ ಮ್ಯಾಲ ಉಳದು ಕಾಗದ ಕೈಯಾಗ ಬರತೈತಿ. ಆ ಮೂಲಿ ಹಂಗ ಗಾಜಿಗೆ ಇರ್ಲಿ ಅಂತ ಬಿಟ್ಟು, ಉಳದದ್ದನ್ನ ಹಿಂದಿಂದ ನೋಡಿದೆ.

ಈಗ ಕಾಗದದ ಮಾತು. 1900ರ ಹಿಂದಿನ ಫೋಟೊಗಳು ಬಾಳ ಮಟ್ಟಿಗೆ ತತ್ತಿಯ ಬಿಳಿ ಲೋಳಿ ಬಳದ ಕಾಗದದ ಮ್ಯಾಲೆ ಆದವು. ಆ ಕಾಗದ ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳ್ಳಗ, ಅದಕ್ಕ ಅದನ್ನ ಯಾವಾಗ್ಲೂ ದಪ್ಪ ರಟ್ಟಿಗೆ ಅಂಟಿಸಿರತಾರ. ಬೂದಗಾಜು ಹಿಡದು ನೋಡಿದ್ರ ಕಾಗದದ ನಾರು ಎದ್ದು ಕಾಣತಾವು, ಬಿಳೇ ಜಾಗ ಹಳದಿಗೆ ತಿರುಗಿರತೈತಿ. ಆಮ್ಯಾಲಿಂದು ಜಿಲಾಟಿನ್ ಕಾಗದ. ಇದರಾಗ ಕಾಗದಕ್ಕ ಮೊದಲ ಒಂದು ಬಿಳೇ ಖನಿಜದ ಪದರ ಬಳದು, ಅದರ ಮ್ಯಾಲೆ ಬೆಳ್ಳಿ ಉಪ್ಪು ಕೂಡಿಸಿದ ಜಿಲಾಟಿನ್ ಬಳದಿರತಾರ. ಗ್ವಾಡಿಗೆ ಸುಣ್ಣಾ ಬಳದ್ರ ಕಲ್ಲು ಕಾಣದಂಗ, ಇದರಾಗ ನಾರು ಕಾಣಂಗಿಲ್ಲ. ಇದು 1900ರ ಸುಮಾರಿಂದ ಬಂದು 1970-80ರ ತನಕ ನಡೀತು. 1970ರ ಆಸುಪಾಸಿನಿಂದ ಎರಡೂ ಬದಿಗೆ ಪ್ಲಾಸ್ಟಿಕ್ ಹೊದಿಸಿದ ಕಾಗದ ಬಂತು. ಅದು ಕೈಯಾಗ ಹಿಡದ್ರನ ಗೊತ್ತಾಗತೈತಿ. ಹಿಂದ ಇಂದು ಅನ್ನೋ ಅಚ್ಚು ಇದ್ರ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾಗದ. ಅಲ್ಲಿ ಮಾಲು ತಯಾರಾಗಾಕ ಹತ್ತಿದ್ದು 1967ರಾಗ, ಹಂಗಾಗಿ ಅದಕ್ಕಿಂತ ಹಿಂದಿಂದಲ್ಲ.

ನಮ್ಮ ಫೋಟೊ ಕಂದು ಬಣ್ಣಕ್ಕ ಐತಿ. ಕಂದು ಅಂದ ಕೂಡಲೇ ಬಾಳ ಮಂದಿ ನೂರು ವರ್ಷ ಹಳೇದು ಅಂದುಬಿಡತಾರ. ಅದು ಖರೇ ಅಲ್ಲ. ಸ್ಟುಡಿಯೋದಾವರು ಛಂದ ಕಾಣಲಿ ಅಂತ ಬೇಕಂತಲೇ ಔಷಧದಾಗ ಅದ್ದಿ ಕಂದು ಮಾಡತಿದ್ರು. ಸರಿಯಾಗಿ ತೊಳೀದಿದ್ರೂ ಬರತಾ ಬರತಾ ಕಂದು ಆಗತೈತಿ. ಬಣ್ಣಕ್ಕಿಂತ ಮಿಂಚು ನೋಡಬೇಕು. ಫೋಟೊನ ಕಿಡಕಿ ಬೆಳಕಿಗೆ ಓರೆ ಹಿಡದಾಗ, ಅಂಚಿನ ಕರೇ ಜಾಗದಾಗ ಹಳೇ ಕನ್ನಡಿ ಹಂಗ ನೀಲಿ-ಬೆಳ್ಳಿ ಹೊಳಪು ಬಂತು. ತಂಪು ಗಾಳಿಗೆ ಒಳಗಿನ ಬೆಳ್ಳಿ ಮ್ಯಾಲೆ ಬಂದು ಕುಂತಿರತೈತಿ. ಅದು ಜಿಲಾಟಿನ್ ಕಾಗದದ ಗುರತು. ಅಂದ್ರ 1900ರ ಈಚೆಗಿಂದು, ಪ್ಲಾಸ್ಟಿಕ್ ಕಾಗದಕ್ಕಿಂತ ಹಿಂದಿಂದು. ನಮ್ಮ ಎರಡೂ ದಾರಿ ಇದರ ಒಳಗ ಅದಾವು.

ಇಲ್ಲೇ ಇನ್ನೊಂದು ತಪಾಸ ಮಾಡಲೇಬೇಕು. ಇದು ಅಸಲಿಯೋ, ಫೋಟೊದ ಫೋಟೊನೋ? ನಮ್ಮ ಕಡೆ ಮನಿ ಪಾಲಾದಾಗ ಅಣ್ತಮ್ಮಂದಿರು ಒಂದೊಂದು ಪ್ರತಿ ತಗಸಿಕೊಳ್ಳೋ ಪದ್ಧತಿ ಐತಿ. ಅಂಥಾ ಪ್ರತಿಯೊಳಗ ಮಂದಿ 1930ರವರು, ಕಾಗದ 1975ರದ್ದು. ಕಾಗದ ನೋಡಿ ವರ್ಷ ಹೇಳಿದ್ರ ಪೂರಾ ದಾರಿ ತಪ್ಪತೈತಿ. ಗುರತು ಹೆಂಗಂದ್ರ, ಚಿತ್ರದಾಗ ಗೀರು, ಮಡಿಕಿ, ಚುಕ್ಕಿ ಕಾಣತಾವು, ಆದ್ರ ಬೆರಳಿಗೆ ಹತ್ತಂಗಿಲ್ಲ. ಅಂದ್ರ ಗೀರು ಹಳೇ ಫೋಟೊದ್ದು, ಇದು ಅದರ ನೆರಳು. ಸೀರಿ ದಡಿಯಂಥಾ ಸಣ್ಣ ಕುಸರಿ ಮಬ್ಬಾಗಿ ಕಲಸಿಹೋಗಿರತೈತಿ. ನಮ್ಮದರಾಗ ಮಡಿಕಿ ಕಂಡಲ್ಲಿ ಬೆರಳಿಗೂ ಹತ್ತತೈತಿ, ಖಣದ ಕುಪ್ಪಸದ ಬುಟ್ಟಿ ಎಣಸೋವಷ್ಟು ನಿಚ್ಚಳ ಅದಾವು. ಹಂಗಾಗಿ ಅಸಲಿನ.

ಅಳತಿ ಪಟ್ಟಿ ಹಿಡದೆ. ಮೂರೂವರಿ ಇಂಚು, ಐದೂವರಿ ಇಂಚು. ಇದು ಪೋಸ್ಟ್ ಕಾರ್ಡ್ ಅಳತಿ. ಆಗಿನ ಸ್ಟುಡಿಯೋದಾವರಿಗೆ ಹಿಂಬದಿಗೆ ಪೋಸ್ಟ್ ಕಾರ್ಡ್ ಅಂತ ಅಚ್ಚಾದ ಫೋಟೊ ಕಾಗದಾನ ಪಾಕೀಟಿನ್ಯಾಗ ಸಿಗತಿತ್ತು. ಮಂದಿ ಅದನ್ನ ಟಪಾಲಿಗೆ ಹಾಕಲಿ ಬಿಡಲಿ, ಅದರ ಮ್ಯಾಲೆ ಫೋಟೊ ಮಾಡಿ ಕೊಡತಿದ್ರು. ಇದಕ್ಕೂ ಹಿಂದ ನಡೀತಿದ್ದು ಕ್ಯಾಬಿನೆಟ್ ಅಂತ, ನಾಕೂಕಾಲು ಇಂಚು ಆರೂವರಿ ಇಂಚಿನ ದಪ್ಪ ರಟ್ಟು, ಕೆಳಗ ಸ್ಟುಡಿಯೋ ಹೆಸರು ಬಂಗಾರದ ಅಕ್ಷರದಾಗ. ನಮ್ಮ ಕಾರ್ಡಿನ ಹಿಂದ ನಟ್ಟ ನಡುವ ಒಂದು ಗೆರಿ ಐತಿ, ಎಡಕ್ಕ ಸುದ್ದಿ ಬರಿಯಾಕ, ಬಲಕ್ಕ ವಿಳಾಸ. ಹಂಗ ಗೆರಿ ಹಾಕಿ ಎರಡು ಪಾಲು ಮಾಡೋದು ಬ್ರಿಟನ್ನಿನ ಟಪಾಲ ಖಾತೆ 1902ರಾಗ ಒಪ್ಪಿದ್ದು. ಅಂದ್ರ ಈ ಕಾರ್ಡು ಅದಕ್ಕಿಂತ ಮೊದಲಿನದಲ್ಲ. ಈ ಕಡೆ ಬೇಲಿ ಬಿಗಿ ಆತು, ಆದ್ರ ನಮ್ಮ ಪ್ರಶ್ನಿಗೆ ಇನ್ನೂ ದೂರ.

ಬಲಕ್ಕ ಕೆಳಗ ಒಂದು ರಬ್ಬರ್ ಶಿಕ್ಕಾ ಇತ್ತು, ನೇರಳೆ ಮಸಿ. ಸ್ಟುಡಿಯೋ ಹೆಸರು ಹಲಗಿಗೆ ತಿಕ್ಕಿ ಅಳಿಸಿಹೋಗೇತಿ. ಕೆಳಗಿನ ಸಾಲು ಮಾತ್ರ ಮರಾಠಿಯೊಳಗ ಉಳದೈತಿ: ಸಂಸ್ಥಾನ ಸಾಂಗಲಿ. ನಮ್ಮ ಊರಿನ ಹೊಸ ಹುಡುಗ್ರಿಗೆ ಇದು ಗೊತ್ತಿರಂಗಿಲ್ಲ. ಆಗ ರಬಕವಿ, ತೇರದಾಳ ಸಾಂಗಲಿ ಸಂಸ್ಥಾನದಾಗ ಇದ್ದವು, ಬಾಜೂಕಿನ ಬನಹಟ್ಟಿ ಜಮಖಂಡಿ ಸಂಸ್ಥಾನದಾಗ. ಈಗ ಎರಡೂ ಕೂಡಿ ಒಂದ ಊರಾಗೇತಿ, ಆಗ ಎರಡು ರಾಜ್ಯ. 1948ರ ಮಾರ್ಚ್ 8ಕ್ಕ ಸಾಂಗಲಿ ಸಂಸ್ಥಾನ ಮುಂಬೈ ಪ್ರಾಂತದಾಗ ಕೂಡಿಹೋತು. ಅಂದ್ರ ಶಿಕ್ಕಾ ಮಾಡಿಸಿದ್ದು 1948ಕ್ಕಿಂತ ಮೊದಲ.

ಇಷ್ಟಕ್ಕ ಕೈ ಝಾಡಿಸಿ ಏಳಬಹುದಿತ್ತು. ಆದ್ರ ಶಿಕ್ಕಾ ಮಾಡಿಸಿದ ವರ್ಷ ಬ್ಯಾರೆ, ಶಿಕ್ಕಾ ಹೊಡದ ವರ್ಷ ಬ್ಯಾರೆ. ಸಂಸ್ಥಾನ ಹೋತು ಅಂತ ಮರುದಿನ ಯಾವ ಅಂಗಡಿಯವ ಶಿಕ್ಕಾ ಒಗೀತಾನ? ನಮ್ಮ ಜಿಲ್ಲೆ ವಿಜಾಪುರದಿಂದ ಬಾಗಲಕೋಟಿ ಆಗಿ 1997ಕ್ಕ ವರ್ಷ ಕಳದ ಮ್ಯಾಲೂ ಹಳೇ ಜಿಲ್ಲಾ ಹೆಸರಿನ ಪಾವತಿ ಪುಸ್ತಕ ನಾನ ನೋಡೀನಿ. ಆರೇಳು ವರ್ಷ ಹಳೇ ಶಿಕ್ಕಾ ಬಳಸಿದ್ರೂ ಬಳಸಿರಬಹುದು. ಹಂಗಾಗಿ ಶಿಕ್ಕಾ 1936ರ ಕಡೆ ವಾಲತೈತಿ, ಆದ್ರ 1954ರ ಬಾಗಿಲಾ ಪೂರ್ತಿ ಮುಚ್ಚಂಗಿಲ್ಲ.

ಮುಂದಿನ ಸಾಕ್ಷಿ ಕೊಟ್ಟಿದ್ದು ನೋಟು ತಪಾಸ ಮಾಡೋ ದೀಪ. ಇದರ ಹಿಂದಿನ ಮಾತು ನಮ್ಮಂಥಾ ಅರಿವಿ ಒಗಿಯೋರಿಗೆ ಲಗೂನ ತಿಳಿಯತೈತಿ. ಬಿಳೇ ಧೋತರಕ್ಕ ನಾವು ಟಿನೋಪಾಲ ಹಾಕತಿದ್ದೆವು ನೆನಪೈತೇನ್ರಿ? ಅದು ಬಿಸಲಾಗ ಇರೋ ಕಣ್ಣಿಗೆ ಕಾಣಲಾರದ ಬೆಳಕನ್ನ ಹೀರಿ, ನೀಲಿ ಬೆಳಕು ಮಾಡಿ ಹೊರಗ ಬಿಡತೈತಿ. ಅದಕ್ಕ ಧೋತರ ಝಗ್ಗ ಅನ್ನತೈತಿ. ಅಂಥದ್ದ ಪದಾರ್ಥ ಫೋಟೊ ಕಾಗದ ಮಾಡೋರೂ ಕಾಗದ ಬೆಳ್ಳಗ ಕಾಣಲಿ ಅಂತ ಹಾಕಾಕ ಹತ್ತಿದ್ರು, ಆದ್ರ 1950ರ ದಶಕ ಸುರು ಆದ ಮ್ಯಾಲೆ. ಅದಕ್ಕೂ ಹಿಂದಿನ ಫೋಟೊ ಕಾಗದದಾಗ ಅದು ಇಲ್ಲ. ನೋಟು ತಪಾಸ ಮಾಡೋ ದೀಪ ಹಾಕೋದು ಆ ಕಾಣಲಾರದ ಬೆಳಕನ್ನ. ಅಸಲಿ ನೋಟಿನ ಕಾಗದ ಅದರ ಕೆಳಗ ಮಂಕ ಇರತೈತಿ, ಸಾದಾ ಕಾಗದದಾಗ ಮಾಡಿದ ಖೋಟಾ ನೋಟು ಹೊಳೀತೈತಿ.

ನಮ್ಮ ಅಳಿಯ ಒಬ್ಬಾಂವ ಪತ್ತಿನ ಸೊಸಾಯಿಟಿಯೊಳಗ ಅದಾನ. ಐತವಾರ ದೀಪ ಮನಿಗೆ ತಂದ. ಕಿಡಕಿ ಮುಚ್ಚಿ ಖೋಲಿ ಕತ್ತಲ ಮಾಡಿ, ಒಂದಕ್ಕ ನಾಕು ಸಾಮಾನು ಬಾಜೂಕ ಇಟ್ಟಿವಿ. ಬರೇ ಅನುಮಾನದ ವಸ್ತು ಒಂದ ಇಟ್ರ ಹೊಳಪು ಏನು, ಮಂಕು ಏನು ಅಂತ ತಿಳಿಯಂಗಿಲ್ಲ. ಒಂದು ಒಗದ ಧೋತರ, ಒಂದು ಹತ್ತು ರೂಪಾಯಿ ನೋಟು, ನಮ್ಮ ಅತ್ತಿಯವರ ತಮ್ಮನ 1976ರ ಮದಿವಿ ಫೋಟೊ, ಮತ್ತ ಈ ಫೋಟೊ. ಧೋತರ ನೀಲಿ ಬೆಂಕಿ ಹಂಗ ಹೊಳೀತು. ಮದಿವಿ ಫೋಟೊದ ಬಿಳೇ ಅಂಚೂ ಹಂಗ ಹೊಳೀತು. ನೋಟಿನ ಕಾಗದ ಮಂಕ ಇತ್ತು, ಅಂಕಿ ಅಷ್ಟ ಹೊಳದ್ವು. ಮುತ್ಯಾನ ಫೋಟೊದ ಅಂಚು ಮಂಕ, ಹಿಂಬದಿನೂ ಮಂಕ, ಹಳೇ ಬೆಲ್ಲದ ಬಣ್ಣ. ಒಂದ ಕಡೆ ಬೆರಳಗಲದ ಕಲಿ ಹೊಳೀತು; ಅದು ಯಾವಾಗೋ ಹರದಲ್ಲಿ ಹಚ್ಚಿದ ಗೋಂದು, ಕಾಗದ ಅಲ್ಲ. ಅದಕ್ಕ ಒಂದ ಜಾಗ ನೋಡಿ ತೀರ್ಪು ಕೊಡಬಾರದು.

ದೀಪದಾಗೂ ಒಂದು ಫರಕ ಐತಿ. ಬಜಾರದಾಗ ಸಿಗೋ ಅಗ್ಗದ ನೇರಳೆ ಟಾರ್ಚು ಎಲ್ಲಾದ್ರ ಮ್ಯಾಲೂ ನೇರಳೆ ಬೆಳಕು ಚೆಲ್ಲತೈತಿ, ಹೊಳೀಲಾರದ್ದೂ ಹೊಳದಂಗ ಕಾಣತೈತಿ. ಕೊಳವಿ ದೀಪದ ಮಷಿನ್ ಚಲೋ. ಅದರ ಬೆಳಕಿಗೆ ಕಣ್ಣು ಕೊಡಬಾರದು, ಫೋಟೊನೂ ಹತ್ತು ಎಣಸೂದ್ರಾಗ ತಗದುಬಿಡಬೇಕು.

ಹೊಳೆದಿದ್ರ ಮಾತು ಮುಗೀತಿತ್ತು: 1936ರದ್ದು ಆಗಾಕ ಸಾಧ್ಯನ ಇರಲಿಲ್ಲ. ಹೊಳೀಲಿಲ್ಲ ಅಂದ್ರ ಅಷ್ಟು ಗಟ್ಟಿ ಅಲ್ಲ. ಯಾಕಂದ್ರ 1954ರಾಗೂ ಎಲ್ಲಾ ಕಾಗದಕ್ಕ ಅದನ್ನ ಹಾಕತಿರಲಿಲ್ಲ, ಅಂಗಡಿಯವನ ಹತ್ರ ಹಳೇ ಪಾಕೀಟೂ ಉಳದಿರಬಹುದು. ಇದೂ ಹಳೇ ಕಡೆಗೇ ವಾಲತೈತಿ, ಅಷ್ಟ.

ಈಗ ಅರಿವಿಗೆ ಬರೂನು. ನೇಕಾರರ ಮನಿಯೊಳಗ ಎಲ್ಲಾರೂ ಮೊದಲ ನೋಡೋದು ಅರಿವೀನ, ಆದ್ರ ವರ್ಷ ಹೇಳಾಕ ಅದು ಅಷ್ಟು ನಂಬಿಗಸ್ತ ಅಲ್ಲ. ನಿಂತಾಕಿ ಒಂಬತ್ತು ವಾರಿ ಇಳಕಲ್ಲ ಸೀರಿ ಕಚ್ಚಿ ಹಾಕಿ ಉಟ್ಟಾಳ, ಮೊಣಕೈ ತನಕ ತೋಳಿನ ಗುಳೇದಗುಡ್ಡ ಖಣದ ಕುಪ್ಪಸ, ಮುಂದ ಗಂಟು. ನಮ್ಮ ಆಯಿ ಸಾಯೋ ತನಕ ಹಿಂಗ ಉಟ್ಟಿದ್ರು. 1936ರಾಗೂ ಇದ, 1954ರಾಗೂ ಇದ. ಮುತ್ಯಾನ ಮುಚ್ಚಿದ ಕಾಲರಿನ ಕೋಟು, ಕರಿ ಟೊಪ್ಪಿಗಿ, ಧೋತರ ಸೈತ ಹಂಗ. ವಯಸ್ಸಾದೋರು ತಮ್ಮ ಹರೇದ ಕಾಲದ ಉಡಿಗಿನ ಮುಂದುವರಸ್ತಾರ, ಅದಕ್ಕ ಫೋಟೊದಾಗ ಎಲ್ಲಾರಕ್ಕಿಂತ ಸಣ್ಣವರ ಅರಿವಿ ನೋಡಬೇಕು. ಹರೇದವನ ಗಾಂಧಿ ಟೊಪ್ಪಿಗಿ 1920ರ ಅಸಹಕಾರ ಚಳವಳಿ ಹೊತ್ತಿಗೆ ಮಂದಿ ತಲಿ ಮ್ಯಾಲೆ ಬಂದದ್ದು; ಹಂಗಾಗಿ ನಮ್ಮ ಕೆಳಗಿನ ಬೇಲಿ 1902ರಿಂದ 1920ಕ್ಕ ಜಿಗೀತು. ಹುಡುಗನ ಮೈಮ್ಯಾಲೆ ಗುಂಡಿ ಹಾಕಿದ ಸಣ್ಣ ಕೋಟು, ಜರಿ ಟೊಪ್ಪಿಗಿ, ಕೆಳಗ ಸಣ್ಣ ಧೋತರ. 1950ರ ಹೊತ್ತಿಗೆ ಸಾಲಿ ಹುಡುಗ್ರಿಗೆ ಅಂಗಿ-ಚಡ್ಡಿ ಬಂದಿತ್ತು. ಆದ್ರ ಫೋಟೊಕ್ಕಂತ ಕೋಟು ಸ್ಟುಡಿಯೋದಾಗ ಬಾಡಿಗಿಗೆ ಸಿಗತಿತ್ತು, ಅದಕ್ಕ ಇದನ್ನೂ ನಾಕಾಣೆ ಸಾಕ್ಷಿ ಅಂತ ಹಿಡದೆ.

ಅರಿವಿಯೊಳಗ ಬಣ್ಣದ ಮಾತು ಮಾತ್ರ ತಿಳಕೊಳ್ಳೋವಂಥಾದ್ದು. ದೊಡ್ಡತ್ತಿ ಯಾವಾಗ್ಲೂ ಅಂತಿದ್ರು, "ಸೆರಗು ಇಷ್ಟು ಕರ್ರಗ ಐತಿ, ಕುಂಕುಮಾನೂ ಇದ್ದಲಿನಂಗ ಐತಿ, ಹರೇದ ಮುತ್ತೈದಿ ಹಿಂಗ್ಯಾಕ ಇರತಾಳ?" ಸೆರಗಿನ ತುದಿಗೆ ಬಿಳೇ ತೆನಿ ಎದ್ದು ಕಾಣತಾವು. ಅದು ತೋಪ ತೆನಿ ಸೆರಗು. ಇಳಕಲ್ಲ ಸೀರಿಯ ತೋಪ ತೆನಿ ಸೆರಗು ಕೆಂಪ ಇರತೈತಿ, ನೇಯೋರಿಗೆ ಹೇಳಬೇಕಾಗಿಲ್ಲ. ಹಂಗಾದ್ರ ಕೆಂಪು ಯಾಕ ಕರ್ರಗ ಆತು? ಜಮಖಂಡಿಯ ಹಳೇ ಫೋಟೊಗ್ರಾಫರ್ ಒಬ್ಬರು ಬಿಡಿಸಿ ಹೇಳಿದ್ರು. ಆಗಿನ ಗಾಜಿನ ಪ್ಲೇಟಿಗೆ ನೀಲಿ, ಹಸರು ಕಾಣತಿತ್ತು, ಕೆಂಪು ಕಾಣತಿರಲಿಲ್ಲ. ಅದಕ್ಕ ಕತ್ತಲ ಖೋಲ್ಯಾಗ ಕೆಂಪು ಬಲ್ಬ್ ಹಚ್ಚಿಕೊಂಡು ಪ್ಲೇಟ್ ತೊಳೀತಿದ್ರು. ಪ್ಲೇಟಿಗೆ ಕಾಣಲಾರದ್ದು ಫೋಟೊದಾಗ ಕರ್ರಗ ಬರತೈತಿ. ಆಕಿ ಕೆಂಪ ಸೆರಗು, ಕೆಂಪ ಕುಂಕುಮ, ಎರಡೂ ಹಂಗ ಕರ್ರಗ ಆದ್ವು. ಎಲ್ಲಾ ಬಣ್ಣಾ ಕಾಣೋ ಫಿಲ್ಮು ಆಮ್ಯಾಲೆ ರೂಢಿಗೆ ಬಂತು. ಅದರಾಗ ಕುಂಕುಮ ಇಷ್ಟು ಕರ್ರಗ ಬರಂಗಿಲ್ಲ. ಆದ್ರ ಕೆಂಪು ಬಲ್ಬಿನ ಅನುಕೂಲ ಬಿಡಲಾರದ ಸಣ್ಣ ಊರಿನ ಸ್ಟುಡಿಯೋದಾವರು ಹಳೇ ಪದ್ಧತಿ ಬಾಳ ದಿನ ನಡಸಿದ್ರಂತ. ಹಂಗಾಗಿ ವರ್ಷಕ್ಕ ಇದು ಸಣ್ಣ ಸಾಕ್ಷಿ. ಆದ್ರ ದೊಡ್ಡತ್ತಿಯ ಮನಸಿನ್ಯಾಗಿನ ಒಂದು ಕಸರು ಹೋತು: ಆಕಿ ಉಟ್ಟದ್ದು ಕರಿ ಸೆರಗಲ್ಲ.

ಅವರ ಇನ್ನೊಂದು ಮಾತೂ ಹೇಳಿದ್ರು. ಮುತ್ಯಾನ ಮಾರಿ ಮ್ಯಾಲೆ ಸುಕ್ಕು ಇಲ್ಲ, 30ರ ಪ್ರಾಯ ಅಂತ ನಾವು ಅಂದ್ರ ಅವರು ನಕ್ಕರು. ಪ್ಲೇಟಿನ ಮ್ಯಾಲೆ ಸೀಸದ ಕಡ್ಡಿ ಚೂಪ ಮಾಡಿಕೊಂಡು ಸುಕ್ಕು, ಕಲಿ ಎಲ್ಲಾ ತುಂಬಿಬಿಡತಿದ್ರಂತ. 47ರವರು 30ರವರಾಗೋದು ಅರ್ಧ ತಾಸಿನ ಕೆಲಸ. ಅದಕ್ಕ ಮಾರಿ ನೋಡಿ ವಯಸ್ಸು ಹೇಳಬಾರದು.

ವಯಸ್ಸು ಹೇಳಬೇಕಂದ್ರ ಹುಡುಗನ್ನ ಅಳೀಬೇಕು. ಕುರ್ಚಿಯ ಕೂರೋ ಹಲಗಿ ನೆಲದಿಂದ ಸಾಮಾನ್ಯ ಹದಿನೇಳು-ಹದಿನೆಂಟು ಇಂಚು ಎತ್ತರ. ಫೋಟೊದಾಗ ಅದು 16 ಮಿಲಿಮೀಟರ್ ಐತಿ, ಹುಡುಗ 40 ಮಿಲಿಮೀಟರ್. ಕುರ್ಚಿಗೆ ಹತ್ತಿ ನಿಂತಾನ, ಹಿಂದ-ಮುಂದ ಇಲ್ಲ, ಹಂಗಾಗಿ ಲೆಕ್ಕ ನಡೀತೈತಿ. ಹಲಗಿಯ ಎರಡೂವರಿ ಪಟ್ಟು, ಅಂದ್ರ ಸುಮಾರು 44 ಇಂಚು. ಟೊಪ್ಪಿಗಿ ಒಂದೆರಡು ಇಂಚು ಕಳದ್ರ ಐದರಿಂದ ಏಳು ವರ್ಷದ ಹುಡುಗ. ಹಿರೇ ಮಾವನವರಾದ್ರ 1936-38, ನಮ್ಮ ಮಾವನವರಾದ್ರ 1953-55. ನಾವು ಸುರುವಿಗೆ ಅಂದುಕೊಂಡ ಎರಡ ದಾರಿ ಗಟ್ಟಿ ಆದ್ವು, ನಡುವಿನ ವರ್ಷ ಬಿದ್ದುಹೋದ್ವು. ಸಾಲಿ ದಾಖಲಾದ ತಾರೀಖು ಗುರುಗಳು ಅಂದಾಜಿಲೆ ಬರದಿದ್ದಿರತೈತಿ, ಅದಕ್ಕ ಒಂದು ವರ್ಷ ಆಕಡೆ ಈಕಡೆ ಬಿಟ್ಟಿದ್ದ ಛಲೋ.

ಕಡೇಕ ಉಳದದ್ದು ಕೊರಳು. ಇದು ಯಾವ ಪುಸ್ತಕದಾಗೂ ಇರಲಾರದು, ನಮ್ಮ ಮನಿ ಪದ್ಧತಿ ಗೊತ್ತಿದ್ರ ಮಾತ್ರ ಹೊಳೆಯೋ ಮಾತು. ಮೊದಲನೇ ಹೆಂಡ್ತಿ ತೀರಿಕೊಂಡಲ್ಲಿ ಎರಡನೇ ಆಕಿ ಬಂದ್ರ, ತೀರಿಕೊಂಡಾಕಿ ನೆನಪಿಗೆ ಒಂದು ಸಣ್ಣ ಬಂಗಾರದ ತಗಡು, ಹೆಣ್ಣಿನ ಮಾರಿ ಒತ್ತಿಸಿದ್ದು, ಕೊರಳಾಗ ಹಾಕ್ಕೊಳ್ಳೋ ರೂಢಿ ನಮ್ಮ ಕಡೆ ಹಿಂದ ಇತ್ತು. ನಮ್ಮ ಮನ್ಯಾಗ ಅದಕ್ಕ ಸವತಿ ತಾಳಿ ಅಂತಿದ್ರು. ಆಯಿ ಅದನ್ನ ಒಂದ ದಿನಾನೂ ತಗದಿರಲಿಲ್ಲ. ದೊಡ್ಡತ್ತಿ ಸಣ್ಣಾಕಿದ್ದಾಗ ಆಯಿ ತೊಡಿ ಮ್ಯಾಲೆ ಮಲಕೊಂಡು ಆ ತಗಡು ಹಿಡಕೊಂಡ ನಿದ್ದಿ ಹೋಗತಿದ್ರಂತ. "ಇದು ನಿಮ್ಮವ್ವ" ಅಂತ ಆಯಿ ಹೇಳತಿದ್ರಂತ.

ಮೊಬೈಲಿನಾಗ ದೊಡ್ಡದು ಮಾಡಿ, ಆಮ್ಯಾಲೆ ಬೂದಗಾಜು ಹಿಡದು, ನಾನೂ ನನ್ನ ಸೊಸಿನೂ ಸರತಿ ಪ್ರಕಾರ ನೋಡಿದಿವಿ. ತಾಳಿ ಐತಿ, ಎರಡೂ ಬದಿಗೆ ಗುಂಡು ಅದಾವು, ಅದರ ಕೆಳಗ ಬೋರಮಾಳ ಸರ ನಿಚ್ಚಳ ಐತಿ. ಸೆರಗು ಬಲ ಹೆಗಲ ಮ್ಯಾಲಿಂದ ಹಿಂದಕ್ಕ ಹೋಗೇತಿ, ಕೊರಳು ಪೂರಾ ತೆರದೈತಿ. ತಗಡು ಇಲ್ಲ. ಕುಪ್ಪಸದ ಒಳಗ ಸೇರಿತ್ತೇನೋ ಅಂತ ಅನ್ನಬಹುದು. ಆದ್ರ ಫೋಟೊಕ್ಕ ನಿಲ್ಲೋ ಹೊತ್ತಿಗೆ ಇದ್ದ ಬಂಗಾರ ಎಲ್ಲಾ ಹೊರಗ ತಗದು ಸರಿ ಮಾಡಿಕೊಂಡು ನಿಂತಾಕಿ ಅದೊಂದನ್ನ ಒಳಗ ಸೇರಸ್ತಾಳ ಅಂದ್ರ ನನಗ ನಂಬಿಕಿ ಬರಂಗಿಲ್ಲ.

ಎಲ್ಲಾ ಕೂಡಿಸಿ ನೋಡಿದೆ. 1920ಕ್ಕಿಂತ ಮೊದಲಿನದಲ್ಲ ಅನ್ನೋದು ಗಟ್ಟಿ. ಹುಡುಗನ ಎತ್ತರದಿಂದ ಎರಡ ಕಾಲ ಉಳದ್ವು. ಆ ಎರಡರಾಗ ಶಿಕ್ಕಾ, ದೀಪ, ಕುಂಕುಮದ ಕಪ್ಪು, ಹುಡುಗನ ಉಡಿಗಿ, ಕೊರಳಿನ ತಗಡು, ಐದೂ ಒಂದ ಕಡೆ ಬೊಟ್ಟು ಮಾಡತಾವು. ಒಂದೊಂದ ತಗೊಂಡ್ರ ಯಾವುದೂ ಪೂರಾ ಗಟ್ಟಿ ಅಲ್ಲ, ಒಂದೊಂದಕ್ಕೂ ಒಂದು ನೆವ ಹೇಳಬಹುದು. ಆದ್ರ ಐದಕ್ಕೂ ಐದು ನೆವ ಒಮ್ಮೆಲೆ ಖರೇ ಆಗಬೇಕಂದ್ರ, ಹಳೇ ಶಿಕ್ಕಾ, ಹಳೇ ಕಾಗದ, ಹಳೇ ಪ್ಲೇಟು, ಬಾಡಿಗಿ ಕೋಟು, ಮುಚ್ಚಿಟ್ಟ ತಗಡು ಎಲ್ಲಾ ಒಂದ ದಿನ ಕೂಡಿ ಬಂದಿರಬೇಕು. ಒಂದು ಎಳಿ ಹರೀತೈತಿ, ಐದು ಎಳಿ ಹುರಿ ಮಾಡಿದ್ರ ಹಗ್ಗ ಆಗತೈತಿ. 1936-38 ಅಂತ ನಾನು ಒಪ್ಪಿಕೊಂಡೆ. ದೊಡ್ಡತ್ತಿ ಫೋಟೊದಾಗ ಇಲ್ಲ, ಯಾಕಂದ್ರ ಅವರಿನ್ನೂ ಹುಟ್ಟಿರಲಿಲ್ಲ.

ತೇರದಾಳಕ್ಕ ಹೋಗಿ ದೊಡ್ಡತ್ತಿಗೆ ಹೇಳಿದೆ. ನೂರಕ್ಕ ನೂರು ಅಂತ ಹೇಳಲಿಲ್ಲ. "ಅತ್ತಿ, ನಾ ನೋಡಿದಷ್ಟರಾಗ ಇದು ನೀವು ಹುಟ್ಟೂಕಿಂತ ಮೊದಲಿನ ಫೋಟೊ ರಿ. ನಿಂತಾಕಿ ನಿಮ್ಮವ್ವನ" ಅಂದೆ. ಒಂದೊಂದ ಸಾಕ್ಷಿ ಬಿಡಿಸಿ ಹೇಳಿದೆ. ಶಿಕ್ಕಾ, ದೀಪ ಅಂದಾಗ ಸುಮ್ಮ ಕೇಳಿದ್ರು. ತಗಡಿನ ಮಾತು ಬಂದಾಗ ಫೋಟೊನ ಕಣ್ಣ ಹತ್ರ ತಗೊಂಡು ಕೊರಳು ನೋಡಿದ್ರು, ಬಾಳ ಹೊತ್ತು. ಆಮ್ಯಾಲೆ, "ನಮ್ಮಾಯಿ ಕೊರಳಾಗ ನಾ ಹಿಡಕೊಂಡಿದ್ದ ಮಾರಿ ಇದೇನ ಹಂಗಾದ್ರ" ಅಂದ್ರು. ಮತ್ತ ಸ್ವಲ್ಪ ಹೊತ್ತಿಗೆ, "ನಂಗಿಂತ ಎಷ್ಟು ಸಣ್ಣಾಕಿ ನೋಡವಾ, ನಮ್ಮವ್ವ" ಅಂದ್ರು.

ಈಗ ಆ ಫೋಟೊ ಗೋಡಿ ಮ್ಯಾಲೆ ಇಲ್ಲ. ಅದರ ಒಂದು ಪ್ರತಿ ಮಾಡಿಸಿ ನಮ್ಮ ಮನ್ಯಾಗ ಒಂದು, ದೊಡ್ಡತ್ತಿ ಹಾಸಿಗಿ ಬಾಜೂಕ ಒಂದು ಇಟ್ಟೀವಿ. ಅಸಲಿನ ಗಾಜಿನ ಸಮೇತ ಬಿಳೇ ಹತ್ತಿ ಅರಿವ್ಯಾಗ ಸುತ್ತಿ ಕಪಾಟಿನಾಗ ಮಲಗಿಸೀವಿ. ಹಿಂಬದಿಗೆ ಪೆನ್ನಿನಿಂದ ಏನೂ ಬರೀಲಿಲ್ಲ. ಮಸಿ ಇಳದು ಮಾರಿಗೆ ಬರತೈತಿ. ಒಂದು ಲಕೋಟಿ ಮ್ಯಾಲೆ ಪೆನ್ಸಿಲ್ಲಿನಿಂದ ನಾಕೂ ಮಂದಿ ಹೆಸರು ಬರದೀನಿ, ಕೆಳಗ "ಸುಮಾರು 1936-38" ಅಂತ, ಅದರ ಕೆಳಗ ಯಾಕ ಅಂತ ಐದು ಸಾಲು. ಪ್ರತಿಗಳ ಹಿಂದೂ "ಇದು ಪ್ರತಿ, 2025ರಾಗ ಮಾಡಿಸಿದ್ದು" ಅಂತ ಪೆನ್ಸಿಲ್ಲಿನಿಂದ ಬರದಿಟ್ಟೀನಿ. ಮುಂದ ಯಾರರೇ ದೀಪ ಹಿಡದು ನೋಡಿದ್ರ ಅವು ಝಗ್ಗ ಅಂತಾವು, ಆಗ ಅವರಿಗೆ ತಿಳಿಯಬೇಕಲ್ಲ.